ಮನೆಯಿಂದಲೇ ಅಮೆರಿಕದ ಕಂಪನಿಗೆ ದುಡಿಯುವುದೋ, ಅಲ್ಲಿಗೇ ಹೋಗುವುದೋ?

ಪ್ರಶ್ನೆ: ಅಮೆರಿಕದ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿ ಕೆಲಸ ಕೊಡ್ತೀವಿ ಅಂದಿದೆ. ಮನೆಯಿಂದಲೇ ಕಾಂಟ್ರಾಕ್ಟರ್ ಆಗಿ ಮಾಡಿದರೆ ವರ್ಷಕ್ಕೆ 60,000 ಡಾಲರ್. ಒಂದೆರಡು ವರ್ಷ ಆದಮೇಲೆ ಅಲ್ಲಿಗೇ ಕರೆಸಿಕೊಂಡು 95,000 ಕೊಡ್ತಾರಂತೆ. ಒಪ್ಪಿಕೊಳ್ಳಲಾ, ಅಥವಾ ಈಗಲೇ ಕರೆಸಿಕೊಳ್ಳಿ ಅಂತ ಹಟ ಹಿಡಿಯಲಾ?

ಹಟ ಹಿಡಿಯುವ ಮೊದಲು ಒಂದು ವಿಷಯ ಕೇಳಿಕೊಳ್ಳಿ: ಯಾವ ವೀಸಾದ ಮೇಲೆ ಕರೆಸಿಕೊಳ್ಳುತ್ತೀರಿ? ನಾನು ಕಾಂಟ್ರಾಕ್ಟ್ ಮೇಲೂ ದುಡಿದಿದ್ದೇನೆ, ಅಲ್ಲಿಗೆ ಹೋಗಿ ನೌಕರನಾಗಿಯೂ ದುಡಿದಿದ್ದೇನೆ. ಇಂಥ ಭರವಸೆ ಕೊಡುವ ಮ್ಯಾನೇಜರ್‌ಗಳು ಎಷ್ಟೋ ಸಲ ವೀಸಾದ ವಿಚಾರ ವಿಚಾರಿಸಿಯೇ ಇರುವುದಿಲ್ಲ.

ಎಚ್-1ಬಿ ಆದರೆ ಅದು ಕಂಪನಿಯ ಕೈಯಲ್ಲಿಲ್ಲ. ವರ್ಷಕ್ಕೆ ಸಿಗುವುದು 65,000 ವೀಸಾ, ಜೊತೆಗೆ ಅಲ್ಲಿನ ಸ್ನಾತಕೋತ್ತರ ಪದವೀಧರರಿಗೆ 20,000. ಅರ್ಜಿಗಳು ಅದಕ್ಕಿಂತ ಹೆಚ್ಚಾದರೆ ಆಯ್ಕೆ ಲಾಟರಿಯಲ್ಲಿ. ಮಾರ್ಚ್‌ನಲ್ಲಿ ಹೆಸರು ನೋಂದಾಯಿಸಿದರೂ ಕೆಲಸ ಶುರುವಾಗುವುದು ಅಕ್ಟೋಬರ್‌ನಿಂದ. ಸಾಲದ್ದಕ್ಕೆ 2025ರ ಸೆಪ್ಟೆಂಬರ್‌ನಲ್ಲಿ, ದೇಶದ ಹೊರಗಿರುವವರಿಗಾಗಿ ಹಾಕುವ ಹೊಸ ಅರ್ಜಿಗೆ 1,00,000 ಡಾಲರ್ ಕಟ್ಟಬೇಕೆಂದು ಅಧ್ಯಕ್ಷರ ಆದೇಶ ಬಂತು. 95,000 ಸಂಬಳದವರನ್ನು ಕರೆಸಲು ಸಣ್ಣ ಕಂಪನಿ ಅಷ್ಟು ಸುರಿಯುತ್ತದೆಯೇ?

ಇನ್ನೊಂದು ದಾರಿ ಎಲ್-1. ಇದಕ್ಕೆ ಲಾಟರಿಯಿಲ್ಲ. ಆದರೆ ಹಿಂದಿನ ಮೂರು ವರ್ಷಗಳಲ್ಲಿ ಕನಿಷ್ಠ ಒಂದು ವರ್ಷ ಸತತವಾಗಿ, ಅದೇ ಕಂಪನಿಯ ವಿದೇಶಿ ಶಾಖೆಯಲ್ಲೋ ಅಂಗಸಂಸ್ಥೆಯಲ್ಲೋ ನೀವು ನೌಕರರಾಗಿರಬೇಕು, ಅದೂ ಮ್ಯಾನೇಜರ್ ಹುದ್ದೆಯಲ್ಲಿ ಅಥವಾ ಕಂಪನಿಯದೇ ವಿಶೇಷ ಜ್ಞಾನ ಬೇಡುವ ಕೆಲಸದಲ್ಲಿ. ಸ್ವತಂತ್ರ ಕಾಂಟ್ರಾಕ್ಟರ್ ಆಗಿ ಕಳೆದ ವರ್ಷಗಳು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಅಂದರೆ ಈಗ ನಿಮ್ಮ ಮುಂದಿರುವ ಕಾಗದಕ್ಕೆ ಸಹಿ ಹಾಕಿದರೆ ಎರಡು ವರ್ಷ ದುಡಿದ ಮೇಲೂ ಈ ಬಾಗಿಲು ತೆರೆಯುವುದಿಲ್ಲ. ನಿಮ್ಮ ದೇಶದಲ್ಲಿ ಅವರ ಶಾಖೆ ಇದೆಯೇ ಎಂದು ಕೇಳಿ. ಇದ್ದರೆ ಅಲ್ಲೇ ನೌಕರಿ ಕೊಡಿ ಅನ್ನಿ, ಸಂಬಳ ಸ್ವಲ್ಪ ಕಡಿಮೆಯಾದರೂ ಸರಿ.

ಶಾಖೆ ಇಲ್ಲದಿದ್ದರೆ ಈ ಕೆಲಸವನ್ನು ಮನೆಯಿಂದ ಮಾಡುವ ಕೆಲಸ ಅಂತಲೇ ತೂಗಿ ನೋಡಿ, ವಲಸೆಯ ಆಸೆಯನ್ನು ಬೆಲೆಯೊಳಗೆ ಸೇರಿಸಬೇಡಿ. ಆಗ 60,000 ನಿಜಕ್ಕೂ ಎಷ್ಟು? ವರ್ಷಕ್ಕೆ ಸುಮಾರು 260 ಕೆಲಸದ ದಿನ, ದಿನಕ್ಕೆ 231 ಡಾಲರ್ ಆಯಿತು. ಕಾಂಟ್ರಾಕ್ಟರ್‌ಗೆ ಸಾಮಾನ್ಯವಾಗಿ ಸಂಬಳದ ರಜೆ ಇರುವುದಿಲ್ಲ. ರಜೆ, ಹಬ್ಬ, ಜ್ವರ ಎಲ್ಲ ಸೇರಿ 35 ದಿನ ಕಳೆದರೆ ನೀವು ಬಿಲ್ ಮಾಡುವುದು 225 ದಿನಕ್ಕೆ, ಕೈಗೆ ಬರುವುದು ಸುಮಾರು 52,000. ಆರೋಗ್ಯ ವಿಮೆ, ನಿವೃತ್ತಿಯ ಉಳಿತಾಯ, ಲ್ಯಾಪ್‌ಟಾಪ್ ಎಲ್ಲ ಅದರೊಳಗೇ ಆಗಬೇಕು. ಹಾಗಾಗಿ 60,000 ಬೇಕೆಂದರೆ ದಿನಕ್ಕೆ 267 ಕೇಳಿ, ಇಲ್ಲವೇ ಸಂಬಳಸಹಿತ ರಜೆಯನ್ನು ಕರಾರಿನಲ್ಲೇ ಬರೆಸಿ. ನೋಟಿಸ್ ಅವಧಿಯನ್ನೂ ನೋಡಿ. ಯಾವಾಗ ಬೇಕಾದರೂ ಕೈಬಿಡಬಹುದು ಎಂದಿದ್ದರೆ ಕನಿಷ್ಠ 30 ದಿನ ಅಂತ ತಿದ್ದಿಸಿ.

ತೆರಿಗೆಯ ಮಟ್ಟಿಗೆ ನಿಮ್ಮ ಸ್ಥಿತಿ ಅಂದುಕೊಂಡಷ್ಟು ತೊಡಕಿನದಲ್ಲ. ಅಮೆರಿಕದ ಹೊರಗೆ ಕೂತು ಮಾಡಿದ ಕೆಲಸದ ಸಂಪಾದನೆ ಅವರ ಕಾನೂನಿನ ಪ್ರಕಾರ ಅಲ್ಲಿನ ಆದಾಯವಲ್ಲ. ನೀವು ಅಲ್ಲಿನ ಪ್ರಜೆಯಲ್ಲ, ತೆರಿಗೆ ನಿವಾಸಿಯೂ ಅಲ್ಲ ಎಂದು ತಿಳಿಸುವ W-8BEN ಫಾರ್ಮ್ ತುಂಬಿ ಕೊಡುತ್ತೀರಿ, ಅವರು ತೆರಿಗೆ ಹಿಡಿಯದೆ ಪೂರ್ತಿ ಹಣ ಕಳಿಸುತ್ತಾರೆ. ಅಲ್ಲಿನವರು ತುಂಬುವ W-9 ಅನ್ನು ಅಭ್ಯಾಸಬಲದಿಂದ ಕಳಿಸಿದರೆ ಸಹಿ ಹಾಕದೆ ವಾಪಸ್ ಮಾಡಿ. ಪೂರ್ತಿ ಬಂತೆಂದು ಪೂರ್ತಿ ನಿಮ್ಮದಲ್ಲ, ನೀವಿರುವ ದೇಶದಲ್ಲಿ ಕಟ್ಟಲೇಬೇಕು. ಯಾರೂ ಮುರಿದುಕೊಳ್ಳುವುದಿಲ್ಲವಾದ್ದರಿಂದ ಪ್ರತಿ ಬಿಲ್ಲಿನ ಒಂದು ಪಾಲನ್ನು ನಾನು ಬೇರೆ ಖಾತೆಗೆ ಹಾಕಿಬಿಡುತ್ತಿದ್ದೆ. ಒಂದು ತಿಂಗಳು ಇಲ್ಲಿ ಬಂದು ಕೋಡ್ ಬರೆಯಿರಿ ಎಂದು ಕರೆದರೆ ಮಾತ್ರ ಲೆಕ್ಕ ಬದಲಾಗುತ್ತದೆ. ಆ ದಿನಗಳ ದುಡಿಮೆ ಅಲ್ಲಿನ ಆದಾಯ, ಮೇಲಾಗಿ ಸಂದರ್ಶಕ ವೀಸಾದಲ್ಲಿ ಅಂಥ ಕೆಲಸಕ್ಕೆ ಅನುಮತಿಯೂ ಇಲ್ಲ.

ಇನ್ನು ಗಡಿಯಾರ. ಹತ್ತು ಗಂಟೆ ವ್ಯತ್ಯಾಸವಿದ್ದರೆ ಅವರ ಬೆಳಿಗ್ಗೆ 9 ನಿಮಗೆ ಸಂಜೆ 7. ನಾಲ್ಕು ಗಂಟೆ ಜೊತೆಗಿದ್ದರೆ ಸಾಕು ಅಂದರೆ ರಾತ್ರಿ 11ಕ್ಕೆ ಮುಗಿಯುತ್ತದೆ, ಇಡೀ ದಿನ ಬೇಕೆಂದರೆ ಬೆಳಗಿನ ಜಾವ 3. ಮೊದಲನೆಯದನ್ನು ವರ್ಷಗಟ್ಟಲೆ ನಡೆಸಬಹುದು, ಎರಡನೆಯದಕ್ಕೆ ಮೈ ಒಗ್ಗುವುದಿಲ್ಲ. ಮಾರ್ಚ್‌ನಿಂದ ನವೆಂಬರ್‌ವರೆಗೆ ಅಲ್ಲಿ ಗಡಿಯಾರ ಒಂದು ಗಂಟೆ ಮುಂದಿರುವುದರಿಂದ, ಗಂಟೆಗಳನ್ನು ಯಾರ ಗಡಿಯಾರದ ಪ್ರಕಾರ ಬರೆದಿದ್ದಾರೆ ಎಂಬುದನ್ನೂ ಕರಾರಿನಲ್ಲಿ ನೋಡಿಕೊಳ್ಳಿ.

ಬಡ್ತಿಯ ವಿಷಯದಲ್ಲಿ ಹೋದವರದೇ ಮೇಲುಗೈ. ನಾನು ಕಂಡ ಕಡೆಗಳಲ್ಲಿ ಕಾಂಟ್ರಾಕ್ಟರ್‌ಗಳ ಹೆಸರು ವಾರ್ಷಿಕ ಮೌಲ್ಯಮಾಪನದ ಪಟ್ಟಿಯಲ್ಲೇ ಇರುತ್ತಿರಲಿಲ್ಲ. ಆದರೆ ಎಚ್-1ಬಿಯಲ್ಲಿ ಹೋದವರು ಕೆಲಸ ಕಳೆದುಕೊಂಡರೆ ಗರಿಷ್ಠ 60 ದಿನಗಳೊಳಗೆ ಬೇರೆ ಕಂಪನಿ ಹುಡುಕಬೇಕು, ಇಲ್ಲವೇ ಹೊರಡಬೇಕು. ಮನೆಯಲ್ಲಿದ್ದರೆ ಆ ಗಡುವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದು, ಅವರಿಗೆ ಶಾಖೆಯೂ ಇಲ್ಲವೆಂದಾದರೆ, ದಿನಕ್ಕೆ 267, ನೋಟಿಸ್ 30 ದಿನ, ವರ್ಷಕ್ಕೊಮ್ಮೆ ದರ ಪರಿಷ್ಕರಣೆ ಎಂದು ಮೇಲ್ ಬರೆಯುತ್ತಿದ್ದೆ. 95,000ದ ಮಾತು ಆ ಮೇಲ್‌ನಲ್ಲಿ ಇರುತ್ತಿರಲಿಲ್ಲ.