‘ಸಂಬಂಧಪಟ್ಟವರು’ ಅಂದರೆ ಯಾರು?

“ಸರ್, ನಮ್ಮ ಆಸ್ಪತ್ರೆಯ ಲಸಿಕೆ ಫ್ರಿಜ್ ಕೆಟ್ಟಾಗ ನಾನು ಮಾಡಿದ ಪರಿಶೀಲನೆಯನ್ನು ಲೇಖನ ಮಾಡಿ ಕಳಿಸಿದ್ದೇನೆ. ಕೊನೆಯಲ್ಲಿ ಏಳು ಶಿಫಾರಸುಗಳಿವೆ. ಮೀಟಿಂಗ್‌ನಲ್ಲಿ ಎಲ್ಲರೂ ಒಪ್ಪಿದರು, ಆದರೆ ಒಂದೂ ಜಾರಿಯಾಗಲಿಲ್ಲ. ನನ್ನ ಬರವಣಿಗೆಯಲ್ಲೇ ತಪ್ಪಿದೆಯಾ?”

ಇದೆ. ಆದರೆ ಇಡೀ ಲೇಖನದಲ್ಲಲ್ಲ, ನಾಲ್ಕನೇ ಪುಟದಲ್ಲಿ ಮಾತ್ರ. ಮೊದಲ ಮೂರು ಪುಟ ಕೆಳಗಿಡದೆ ಓದಿದೆ. ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದರೆ ಒಳಗೆ 14 ಡಿಗ್ರಿ. ಬಾಗಿಲಿಗೆ ಅಂಟಿಸಿದ ಹಾಳೆಯಲ್ಲಿ ಮಾತ್ರ ಭಾನುವಾರ ಎರಡೂ ಹೊತ್ತು ‘5’, ಅದೂ ಒಂದೇ ಪೆನ್ನಿನಲ್ಲಿ. ಲಸಿಕೆ 2ರಿಂದ 8 ಡಿಗ್ರಿಯೊಳಗೆ ಇರಬೇಕು ಅಂತ ಗೊತ್ತಿಲ್ಲದವರಿಗೂ ಆ ಎರಡು ‘5’ ನೋಡಿದರೆ ಅನುಮಾನ ಬರುತ್ತದೆ.

ನಾಲ್ಕನೇ ಪುಟವನ್ನು ಬೇರೆ ಯಾರೋ ಬರೆದ ಹಾಗಿದೆ. ‘ತಾಪಮಾನ ನಿರ್ವಹಣೆ ಬಲಪಡಿಸತಕ್ಕದ್ದು.’ ‘ಸಿಬ್ಬಂದಿಗೆ ಸೂಕ್ತ ತಿಳಿವಳಿಕೆ ನೀಡತಕ್ಕದ್ದು.’ ‘ಸಂಬಂಧಪಟ್ಟವರು ಆದಷ್ಟು ಬೇಗ ಕ್ರಮ ಕೈಗೊಳ್ಳತಕ್ಕದ್ದು.’ ಇದಕ್ಕೆ ಯಾರು ತಾನೇ ಬೇಡ ಅಂತಾರೆ? ಒಪ್ಪಿದವರು ಮಾರನೇ ದಿನ ಬಂದು ಏನೂ ಮಾಡಬೇಕಾಗಿಲ್ಲ, ಅದಕ್ಕೇ ಒಪ್ಪಿದರು.

ತಿಳಿವಳಿಕೆಯ ಮಾತನ್ನೇ ನೋಡೋಣ. ಭಾನುವಾರ ಡ್ಯೂಟಿಯಲ್ಲಿದ್ದ ನರ್ಸ್ ಹಾಳೆಯಲ್ಲಿ ಸುಳ್ಳು ‘5’ ಯಾಕೆ ಬರೆದರು? ಉತ್ತರ ನಿಮ್ಮದೇ ಎರಡನೇ ಪುಟದಲ್ಲಿದೆ. ಭಾನುವಾರ ಫಾರ್ಮಸಿಗೆ ಬೀಗ. ಕೀ ಬೇರೆ ಮಹಡಿಯಲ್ಲಿ. ಥರ್ಮಾಮೀಟರ್ ಫ್ರಿಜ್‌ನ ಒಳಗೆ, ಹಿಂದಿನ ಮೂಲೆಯಲ್ಲಿ. ವಾರ್ಡಿನಲ್ಲಿ ಒಬ್ಬರೇ ಡ್ಯೂಟಿ. ಎಷ್ಟು ಸಲ ತಿಳಿವಳಿಕೆ ಕೊಟ್ಟರೂ ಆ ಕೀ ಇದ್ದಲ್ಲೇ ಇರುತ್ತದೆ. ರೋಗಿಗಳ ಸುರಕ್ಷತೆಯ ಕೆಲಸ ಮಾಡುವವರು ತರಬೇತಿ, ಸುತ್ತೋಲೆಗಳನ್ನು ದುರ್ಬಲ ಕ್ರಮಗಳ ಸಾಲಿಗೆ ಸೇರಿಸುವುದು ಇದಕ್ಕೇ. ಮನುಷ್ಯರ ನೆನಪನ್ನು ನೆಚ್ಚಿಕೊಳ್ಳದ ಬದಲಾವಣೆಗೆ ಬಲ ಜಾಸ್ತಿ. ಕಾರಣವನ್ನು ನೀವೇ ಕಂಡುಹಿಡಿದು, ಶಿಫಾರಸು ಬರೆಯುವಾಗ ಮರೆತುಬಿಟ್ಟಿದ್ದೀರಿ.

ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ: ‘ಲಸಿಕೆ ಫ್ರಿಜ್‌ನ ತಾಪಮಾನ 2ಕ್ಕಿಂತ ಇಳಿದರೆ ಅಥವಾ 8 ದಾಟಿದರೆ ಡ್ಯೂಟಿ ನರ್ಸ್ ಫೋನಿಗೆ ಕರೆ ಹೋಗುವ ಅಲಾರಂ ಹಾಕಿಸುವುದು. ಹೊಣೆ: ಫಾರ್ಮಸಿ ಮುಖ್ಯಸ್ಥರು. ಗಡುವು: ಜೂನ್ 30.’

‘ಫಾರ್ಮಸಿ ವಿಭಾಗ’ ಅಂತ ಬರೆಯಬೇಡಿ. ವಿಭಾಗಕ್ಕೆ ಫೋನ್ ಮಾಡಿ ‘ಎಲ್ಲಿಗೆ ಬಂತು?’ ಅಂತ ಕೇಳೋಕಾಗಲ್ಲ. ಒಂದು ಹುದ್ದೆ ಬೇಕು, ಆ ಹುದ್ದೆಗೆ ಖರೀದಿಗೆ ಸಹಿ ಹಾಕುವ ಅಧಿಕಾರವೂ ಇರಬೇಕು. ನೀವು ಐದನೇ ಶಿಫಾರಸಿನಲ್ಲಿ ಅಲಾರಂ ಹೊಣೆಯನ್ನು ಸ್ಟಾಫ್ ನರ್ಸ್ ಮೇಲೆ ಹಾಕಿದ್ದೀರಿ. ಪಾಪ, ಅವರು ಎಲ್ಲಿಂದ ತರಬೇಕು?

ಜೂನ್ 30 ಅನ್ನೋದನ್ನೂ ನೀವು ಕೂತಲ್ಲೇ ಊಹಿಸಿ ಬರೆಯುವಂತಿಲ್ಲ. ಕರಡು ಹಿಡಿದು ಮುಖ್ಯಸ್ಥರ ಹತ್ತಿರ ಹೋಗಿ ಕೇಳಿ. ಕೊಟೇಶನ್‌ಗೆ ಎರಡು ವಾರ, ಖರೀದಿ ಸಮಿತಿ ಸೇರೋದು ತಿಂಗಳಿಗೊಮ್ಮೆ, ಅಳವಡಿಸೋಕೆ ಒಂದು ವಾರ ಅಂತ ಅವರು ಲೆಕ್ಕ ಹೇಳುತ್ತಾರೆ. ಅದನ್ನು ಕೂಡಿಸಿದಾಗ ಬರುವ ದಿನವೇ ಗಡುವು. ‘ಇದು ನಮ್ಮಿಂದ ಆಗಲ್ಲ’ ಅಂತಲೂ ಅನ್ನಬಹುದು. ಅನ್ನಲಿ, ಆದರೆ ಕಾರಣ ಬರೆದುಕೊಡಲಿ. ವಿಮಾನ ಅಪಘಾತಗಳ ತನಿಖೆಯ ಅಂತರರಾಷ್ಟ್ರೀಯ ನಿಯಮವೂ ಹೀಗೇ ಇದೆ: ಸುರಕ್ಷತಾ ಶಿಫಾರಸು ತಲುಪಿದ ದೇಶ ತಾನು ಏನು ಮಾಡಿದೆ, ಅಥವಾ ಯಾಕೆ ಮಾಡುವುದಿಲ್ಲ ಅನ್ನೋದನ್ನು 90 ದಿನದೊಳಗೆ ತಿಳಿಸಬೇಕು.

ಜೂನ್ 30ರವರೆಗಿನ ಭಾನುವಾರಗಳ ಕಥೆ ಏನು? ಅದಕ್ಕೆ ಬೇರೆಯದೇ ಸಾಲು ಬೇಕು: ‘ಈ ಶನಿವಾರದಿಂದ ಫಾರ್ಮಸಿ ಕೀ ವಾರ್ಡಿನಲ್ಲಿರಬೇಕು, ತಾಪಮಾನ ಹೊರಗಿನಿಂದಲೇ ಕಾಣುವ ಥರ್ಮಾಮೀಟರ್ ಹಾಕಬೇಕು. ಹೊಣೆ: ನರ್ಸಿಂಗ್ ಸೂಪರಿಂಟೆಂಡೆಂಟ್. ಅಲಾರಂ ಪರೀಕ್ಷೆ ಮುಗಿಯುವವರೆಗೆ ಮಾತ್ರ.’ ಆ ಕೊನೆಯ ಮಾತು ಬಿಟ್ಟರೆ ತಾತ್ಕಾಲಿಕ ಏರ್ಪಾಡೇ ಕಾಯಂ ಆಗಿ, ಅಲಾರಂ ಯಾರಿಗೂ ನೆನಪಿರಲ್ಲ.

ಇನ್ನೊಂದು, ಕೆಲಸ ಮುಗಿಯಿತು ಅಂತ ಹೇಗೆ ಗೊತ್ತಾಗಬೇಕು? ‘ಅಲಾರಂ ಅಳವಡಿಸಲಾಗಿದೆ’ ಅನ್ನೋ ಪತ್ರವನ್ನು ನಂಬಬೇಡಿ, ಬಿಲ್ಲನ್ನಂತೂ ನಂಬಲೇಬೇಡಿ. ಒಂದು ಭಾನುವಾರ ಯಾರಿಗೂ ಹೇಳದೆ ಸೆನ್ಸರನ್ನು ಫ್ರಿಜ್‌ನಿಂದ ಹೊರಗಿಟ್ಟು ನೋಡಲಿ. 15 ನಿಮಿಷದಲ್ಲಿ ನರ್ಸ್‌ಗೆ ಕರೆ ಬಂತಾ? ಆಮೇಲೆ ಫ್ರಿಜ್‌ನ ಪ್ಲಗ್ಗಿರುವ ಲೈನಿನ ಕರೆಂಟ್ ತೆಗೆದು ಇನ್ನೊಮ್ಮೆ ನೋಡಲಿ. ಅಲಾರಂ ಕೂಡ ಅದೇ ಲೈನಿನಲ್ಲಿದ್ದು ಬ್ಯಾಟರಿ ಇಲ್ಲದಿದ್ದರೆ ಫ್ರಿಜ್ ಜತೆಗೇ ಅದೂ ಸುಮ್ಮನಾಗುತ್ತದೆ. ಹಾಳೆಯ ಮೇಲೆ ಶಿಫಾರಸು ಜಾರಿಯಾಗಿರುತ್ತದೆ, ಲಸಿಕೆ ಮತ್ತೆ ಹಾಳಾಗುತ್ತದೆ. ಈ ಎರಡು ಪರೀಕ್ಷೆಯನ್ನು ಶಿಫಾರಸಿನ ಒಳಗೇ ಬರೆಯಿರಿ. ಪರೀಕ್ಷೆ ಮಾಡುವವರು ಫಾರ್ಮಸಿಯವರು ಆಗಿರಬಾರದು.

ಉಳಿದವುಗಳಲ್ಲಿ ಫ್ರಿಜ್ ಕೋಣೆಗೆ ಬಣ್ಣ ಹೊಡೆಸುವುದು, ಹೊಸ ರಿಜಿಸ್ಟರ್ ತರಿಸುವುದು ತೆಗೆದುಹಾಕಿ. ಅವು ಈ ಘಟನೆಯ ಯಾವ ಕಾರಣಕ್ಕೂ ಅಂಟುವುದಿಲ್ಲ. ಮೂರು ಶಿಫಾರಸು ಉಳಿದರೆ ಸಾಕು. ಮೊದಲ ಮೂರು ಪುಟ ಮುಟ್ಟಬೇಡಿ, ನಾಲ್ಕನೆಯದನ್ನು ಮಾತ್ರ ತಿದ್ದಿ ಬರುವ 10ನೇ ತಾರೀಕಿನೊಳಗೆ ನನಗೇ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಜಾಗ ಹಿಡಿದಿಟ್ಟಿದ್ದೇನೆ.