ಹದಿನೆಂಟಕ್ಕೆ ಕೈಗೆ ಸಿಗುವುದೆಷ್ಟು?

ಈ ದಂಪತಿ ದುಡ್ಡು ಹೂಡುವ ಸಲಹೆ ಕೇಳಿ ನನ್ನ ಬಳಿ ಬಂದಾಗ ಮಗಳಿಗೆ ಐದು ತಿಂಗಳು. ಹುಟ್ಟಿದ್ದು 2025ರ ಜನವರಿಯಲ್ಲಿ. ಹೆಸರು ಬದಲಿಸಿ ಕಿರಣ್, ಸುಮಾ ಎನ್ನೋಣ. ಮಗಳ ಓದಿಗೆ ತಿಂಗಳಿಗೆ ಹತ್ತು ಸಾವಿರ ಎತ್ತಿಡುವುದು ಎಂದು ಇಬ್ಬರೂ ಒಪ್ಪಿದ್ದರು. ಎಲ್ಲಿ ಇಡುವುದು ಅನ್ನುವಲ್ಲಿ ಜಗಳ. ಸುಮಾಗೆ ಪೂರ್ತಿ ಸುಕನ್ಯಾ ಸಮೃದ್ಧಿಗೆ, ಅಂದರೆ ಹೆಣ್ಣುಮಕ್ಕಳಿಗೆಂದೇ ಇರುವ ಸರ್ಕಾರದ ಉಳಿತಾಯ ಯೋಜನೆಗೆ ಹಾಕಬೇಕು. ಕಿರಣ್‌ಗೆ ಪೂರ್ತಿ ಷೇರುಗಳಲ್ಲಿ ಹೂಡುವ ಈಕ್ವಿಟಿ ಫಂಡ್‌ನಲ್ಲಿ ಎಸ್‌ಐಪಿ, ಅಂದರೆ ತಿಂಗಳ ಕಂತು ಬೇಕು.

"ಸರ್, 8.2 ಪರ್ಸೆಂಟ್ ಬಡ್ಡಿ, ಅದಕ್ಕೂ ಟ್ಯಾಕ್ಸ್ ಇಲ್ಲ. ಇನ್ನೇನು ಬೇಕು?" ಎಂದರು ಸುಮಾ. ಮಾತು ಸರಿಯೇ. ಇಷ್ಟು ಬಡ್ಡಿ ಬೇರೆಡೆ ಸಿಗುವುದು ಕಷ್ಟ. ಆದರೆ ಸರ್ಕಾರ ಮೂರು ತಿಂಗಳಿಗೊಮ್ಮೆ ದರ ನೋಡುತ್ತದೆ. 8.2 ಹಾಗೇ ಇರುತ್ತೆ ಅಂತ ಯಾರೂ ಬರೆದುಕೊಟ್ಟಿಲ್ಲ. ಅದಕ್ಕಿಂತ ದೊಡ್ಡ ಪ್ರಶ್ನೆ ತಾರೀಖಿನದು. ನಾನು ಹಾಳೆ ಎಳೆದುಕೊಂಡೆ.

ಖಾತೆ ಮಾಗುವುದು ಮಗಳಿಗೆ 21 ತುಂಬಿದಾಗ ಅಂತ ಸುಮಾ ಅಂದುಕೊಂಡಿದ್ದರು. ಅಲ್ಲ, ಖಾತೆ ತೆರೆದ ದಿನದಿಂದ 21 ವರ್ಷ. 2025ರಲ್ಲಿ ತೆರೆದರೆ 2046. ಹಣ ಕಟ್ಟುವುದು ಮೊದಲ 15 ವರ್ಷ ಮಾತ್ರ. ಹತ್ತು ಸಾವಿರ ಪೂರ್ತಿ ಅಲ್ಲೇ ಹಾಕಿ, ಬಡ್ಡಿ ಹೀಗೇ ಇದೆ ಅಂದುಕೊಂಡರೆ, ಪಿಯುಸಿ ಮುಗಿಯುವ 2043ಕ್ಕೆ ಸುಮಾರು 43 ಲಕ್ಷ ಆಗಿರುತ್ತದೆ. ಕೇಳಿ ಇಬ್ಬರೂ ನಕ್ಕರು. ಆಮೇಲೆ ಹೇಳಿದೆ: ಹದಿನೆಂಟಕ್ಕೆ ಓದಿಗೆಂದು ತೆಗೆಯಲು ಬಿಡುವುದು ಹಿಂದಿನ ಹಣಕಾಸು ವರ್ಷದ ಕೊನೆಗೆ ಇದ್ದ ಮೊತ್ತದ ಅರ್ಧ. ಅದಕ್ಕೂ ಕಾಲೇಜಿನ ಸೀಟು ಸಿಕ್ಕ ಪತ್ರ ಅಥವಾ ಫೀಸ್ ಚೀಟಿ ಕೊಡಬೇಕು. ಉಳಿದರ್ಧ ಸಾಮಾನ್ಯವಾಗಿ 2046ರ ತನಕ ಒಳಗೇ.

ಅಂದರೆ ಇದು ಡಿಗ್ರಿಯ ಮೊದಲ ವರ್ಷಕ್ಕೆ ಪೂರ್ತಿ ಒದಗುವ ದುಡ್ಡಲ್ಲ. ಡಿಗ್ರಿಗೆ ಅರ್ಧ, ಮುಂದಿನ ಓದಿಗೆ ಅರ್ಧ.

ಕಿರಣ್ ಗೆದ್ದವರ ಹಾಗೆ ಕೂತಿದ್ದರು. ಅವರ ಲೆಕ್ಕವನ್ನೂ ಬರೆದೆ, ಆದರೆ ಅರ್ಧ ದುಡ್ಡಿಗೆ ಮಾತ್ರ. ತಿಂಗಳಿಗೆ ಐದು ಸಾವಿರದ ಎಸ್‌ಐಪಿ, 18 ವರ್ಷ, ವರ್ಷಕ್ಕೆ ಸರಾಸರಿ 10 ಪರ್ಸೆಂಟ್ ಬಂತು ಅಂದುಕೊಂಡರೆ ಸುಮಾರು 30 ಲಕ್ಷ. ಇದು ಬರೀ ಅಂದಾಜು, ಕಡಿಮೆಯೂ ಬರಬಹುದು. "ಈಗ ಕೊನೆಯ ವರ್ಷ ಮಾರುಕಟ್ಟೆ 35 ಪರ್ಸೆಂಟ್ ಬಿತ್ತು ಅನ್ನಿ" ಎಂದೆ. ಹತ್ತೂವರೆ ಲಕ್ಷ ಹೋಗಿ 19.5 ಲಕ್ಷ ಉಳಿಯಿತು. ಸುಮ್ನೆ ಹೆದರಿಸಲು ಹೇಳಿದ್ದಲ್ಲ. 2020ರ ಜನವರಿಯಿಂದ ಮಾರ್ಚ್ ನಡುವೆ ಷೇರು ಮಾರುಕಟ್ಟೆಯ ಸೂಚ್ಯಂಕ ನಿಫ್ಟಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬಿದ್ದಿತ್ತು. ನವೆಂಬರ್‌ಗೆ ಹಳೇ ಮಟ್ಟಕ್ಕೆ ಬಂತು, ನಿಜ. ಆದರೆ ಕಾಲೇಜು ಫೀಸ್ ನವೆಂಬರ್ ತನಕ ಕಾಯಲ್ಲ, ಅಲ್ವಾ?

ನಾನು ಕೊಟ್ಟ ಸಲಹೆ ಇದು. ಐದು ಸಾವಿರ ಸುಕನ್ಯಾಗೆ, ಪ್ರತಿ ತಿಂಗಳು 5ನೇ ತಾರೀಖಿನೊಳಗೆ. 6ಕ್ಕೆ ಕಟ್ಟಿದರೆ ಆ ಹಣಕ್ಕೆ ಆ ತಿಂಗಳ ಬಡ್ಡಿ ಇಲ್ಲ. ಉಳಿದ ಐದು ಸಾವಿರ ಖರ್ಚು ಕಡಿಮೆ ಇರುವ ನಿಫ್ಟಿಯಂಥ ಸೂಚ್ಯಂಕವನ್ನೇ ಅನುಸರಿಸುವ ಒಂದು ಇಂಡೆಕ್ಸ್ ಫಂಡ್‌ಗೆ. ನಾಲ್ಕಾರು ಫಂಡ್ ಬೇಡ. ಫಂಡ್ ತಂದೆ ಅಥವಾ ತಾಯಿಯ ಹೆಸರಲ್ಲೇ ಇರಲಿ. ಮಗುವಿನ ಹೆಸರಲ್ಲಿ ಮಾಡಿದರೆ 18 ತುಂಬಿದಾಗ ಖಾತೆ ನಿಲ್ಲುತ್ತದೆ, ಕೆವೈಸಿ, ಬ್ಯಾಂಕ್ ಎಲ್ಲ ಹೊಸದಾಗಿ ಆಗಬೇಕು. ಸೀಟಿಗೆ ಓಡಾಡುವ ತಿಂಗಳಲ್ಲೇ ಈ ತಲೆನೋವು ಯಾಕೆ?

ಮುಖ್ಯ ವಿಷಯ, ಫಂಡ್‌ನಿಂದ ಹೊರಬರುವುದು. 2040ರಿಂದ, ಮಗಳಿಗೆ 15 ತುಂಬಿದ ಮೇಲೆ, ಪ್ರತಿ ವರ್ಷ ಮೂರನೇ ಒಂದು ಪಾಲಿನಂತೆ ಫಂಡ್‌ನಿಂದ ತೆಗೆದು ಬ್ಯಾಂಕ್ ಎಫ್‌ಡಿಗೆ ಹಾಕಬೇಕು. ಮಾರುಕಟ್ಟೆ ಏರುತ್ತಿದ್ದರೂ ಅಷ್ಟೇ. ಏರುತ್ತಿರುವಾಗ ತೆಗೆಯುವುದೇ ಕಷ್ಟ. ಬಂದವರಲ್ಲಿ ಹೆಚ್ಚಿನವರು ಎಡವುವುದು ಇಲ್ಲಿ. ಇದರಿಂದ ತೆರಿಗೆಗೂ ಅನುಕೂಲ: ಈಗಿನ ನಿಯಮದಂತೆ ಈಕ್ವಿಟಿಯ ದೀರ್ಘಾವಧಿ ಲಾಭದಲ್ಲಿ ವರ್ಷಕ್ಕೆ 1.25 ಲಕ್ಷದ ತನಕ ತೆರಿಗೆ ಇಲ್ಲ, ಅದರ ಮೇಲೆ 12.5 ಪರ್ಸೆಂಟ್. ಮೂರು ವರ್ಷಕ್ಕೆ ಹಂಚಿದರೆ ಆ ವಿನಾಯಿತಿ ಮೂರು ಸಲ ಸಿಗುತ್ತದೆ.

"ಗಂಡು ಮಗುವಾಗಿದ್ದರೆ?" ಎಂದು ಕಿರಣ್ ಕೇಳಿದರು. ಸುಕನ್ಯಾ ಜಾಗದಲ್ಲಿ ಸರ್ಕಾರದ್ದೇ ಇನ್ನೊಂದು ದೀರ್ಘಾವಧಿ ಉಳಿತಾಯ ಯೋಜನೆ, ಪಿಪಿಎಫ್. 2020ರ ಏಪ್ರಿಲ್‌ನಿಂದ ಅದರ ಬಡ್ಡಿ 7.1. ಆದರೆ ಪೋಷಕರ ಖಾತೆ, ಮಗುವಿನ ಖಾತೆ ಎರಡೂ ಸೇರಿ ವರ್ಷಕ್ಕೆ ಒಂದೂವರೆ ಲಕ್ಷವೇ ಮಿತಿ.

ಹೊರಡುವಾಗ ಸುಮಾ ಆ ಹಾಳೆಯನ್ನು ಕೇಳಿ ತೆಗೆದುಕೊಂಡರು. 30 ಲಕ್ಷ ಅಂತ ಬರೆದಿದ್ದ ಕಡೆ ಅಲ್ಲ, 2040 ಅಂತ ಬರೆದಿದ್ದ ಕಡೆ ಪೆನ್ನಿನಿಂದ ಸುತ್ತು ಹಾಕಿದ್ದರು.