‘ಥೂ’ ಎನಿಸಿಕೊಂಡ ಒಗಟುಗಳು

“ಸಂಪಾದಕರೇ, ಮಕ್ಕಳ ಪುಟಕ್ಕೆಂದು 25 ತರಲೆ ಒಗಟುಗಳನ್ನು ಕಳಿಸಿದ್ದೇನೆ. ಮನೆಯಲ್ಲಿ ಹೇಳಿ ನೋಡಿದೆ. ಕೆಲವಕ್ಕೆ ‘ಥೂ’ ಎಂದು ತಲೆ ಚಚ್ಚಿಕೊಂಡರು, ಕೆಲವಕ್ಕೆ ಜಗಳಕ್ಕೇ ಬಂದರು. ಬಿದ್ದು ಬಿದ್ದು ನಕ್ಕವರು ಒಬ್ಬರೂ ಇಲ್ಲ. ಇವನ್ನು ತಿದ್ದಲೋ, ಬಿಟ್ಟುಬಿಡಲೋ?”

ತಲೆ ಚಚ್ಚಿಸಿದವನ್ನು ಮುಟ್ಟಬೇಡಿ, ಜಗಳ ತಂದವನ್ನು ತಿದ್ದಿ. ಬಿದ್ದು ಬಿದ್ದು ನಗುವ ಮಾತು ಮರೆತುಬಿಡಿ. ಅದು ಹಾಸ್ಯ ಚಟಾಕಿಯ ಫಸಲು, ಈ ಜಾತಿಯ ಒಗಟಿನದಲ್ಲ.

ನಿಮ್ಮ ಏಳನೆಯದನ್ನೇ ನೋಡಿ. “ಕುರ್ಚಿಗೂ ಒಂದು ಕಿಲೋ ಸಕ್ಕರೆಗೂ ಏನು ಸಾಮ್ಯ? ಎರಡಕ್ಕೂ ನಾಲ್ಕು ಕಾಲು.” ಉತ್ತರ ಕಿವಿಗೆ ಬಿದ್ದ ತಕ್ಷಣ ಕೇಳಿದವನು ಮನಸ್ಸಿನಲ್ಲೇ ಪ್ರಶ್ನೆಗೆ ವಾಪಸು ಹೋಗಿ ತಪ್ಪು ಹುಡುಕುತ್ತಾನೆ. ಸಿಗುವುದಿಲ್ಲ. ಕಾಲು ಕಿಲೋ ಎಂದು ಅಂಗಡಿಯಲ್ಲಿ ಅವನೇ ಎಷ್ಟೋ ಸಲ ಕೇಳಿದ್ದಾನೆ. ಗೊತ್ತಿದ್ದ ಪದಕ್ಕೇ, ಅದೂ ಇಷ್ಟು ಚಿಲ್ಲರೆ ವಿಷಯಕ್ಕೆ ಸೋತೆನಲ್ಲಾ ಎನ್ನುವ ಸಿಟ್ಟು, ಸೋತದ್ದು ನಿಜ ಎನ್ನುವ ಒಪ್ಪಿಗೆ, ಎರಡೂ ಸೇರಿ ಬರುವ ಸದ್ದೇ ಆ ‘ಥೂ’. ಅಂಥವನು ಮರುಗಳಿಗೆಯಲ್ಲೇ ಪಕ್ಕದವನನ್ನು ಹಿಡಿದು ಅದೇ ಒಗಟು ಹಾಕುತ್ತಾನೆ. ತಾನು ಪಟ್ಟ ಸಂಕಟವನ್ನು ಇನ್ನೊಬ್ಬರಿಗೆ ದಾಟಿಸುವ ಆಸೆಯಿಂದಲೇ ಇವು ಊರೆಲ್ಲ ಓಡಾಡುವುದು. ನೀವು ಅಂಜಬೇಕಾದ ಮಾತು ಬೇರೆ: “ಅದು ಹೇಗೆ?” ಅಷ್ಟು ಕೇಳಿದರೆಂದರೆ ನೀವು ವಿವರಣೆಗೆ ಇಳಿಯಬೇಕು, ವಿವರಣೆ ಶುರುವಾದರೆ ಆಟ ಮುಗಿಯಿತು.

ಈಗ ಜಗಳದವು. “ಬಾವಿಗೆ ಬಿದ್ದರೂ ನೆನೆಯದ್ದು ಯಾವುದು?” ಎಂದು ಕೇಳಿ, “ಬಾವಿಯಲ್ಲಿ ನೀರೇ ಇರಲಿಲ್ಲ” ಎಂದು ಉತ್ತರ ಬರೆದಿದ್ದೀರಿ. ‘ಯಾವುದು’ ಎಂಬ ಪ್ರಶ್ನೆಗೆ ಅದು ಉತ್ತರವೇ ಅಲ್ಲ. ಅದಕ್ಕಿಂತ ದೊಡ್ಡ ತೊಂದರೆ, ಯಾರಾದರೂ “ನೆರಳು” ಎಂದರೆ ನಿಮ್ಮದಕ್ಕಿಂತ ಅವರ ಉತ್ತರವೇ ಚೆನ್ನಾಗಿದೆ. ಸರಿಯುತ್ತರ ಹೇಳಿದವರಿಗೆ “ಅಲ್ಲ” ಎಂದರೆ ಜಗಳವಾಗದೆ ಇನ್ನೇನು? ಪ್ರತಿ ಒಗಟಿಗೂ ನಿಮ್ಮ ಉತ್ತರ ಮುಚ್ಚಿಟ್ಟು ಬೇರೆ ಮೂರು ಉತ್ತರ ಹುಡುಕಿ. ಒಂದಾದರೂ ಎಲ್ಲ ಸುಳಿವಿಗೂ ಹೊಂದಿದರೆ ಅದನ್ನು ತಡೆಯುವ ಒಂದು ಮಾತನ್ನು ಪ್ರಶ್ನೆಯಲ್ಲಿ ಸೇರಿಸಿ. ಬಾವಿಯದ್ದಕ್ಕೆ ಅದೂ ಆಗುವುದಿಲ್ಲ, ಕೈಬಿಡಿ.

ಹನ್ನೊಂದನೆಯದು ಕೈಬಿಡುವಂಥದ್ದಲ್ಲ, ಕಟ್ಟಿದ್ದು ಮಾತ್ರ ತಪ್ಪಾಗಿದೆ. “ಬಿಳಿ ಸಂಡಿಗೆಯನ್ನು ಅಜ್ಜಿ ಕರಿ ಬಣ್ಣ ಎಂದರು, ಯಾಕೆ? ಎಣ್ಣೆ ಕಾದಿತ್ತು.” ಒಳ್ಳೆಯ ಪದ ಸಿಕ್ಕಿದೆ. ಆದರೆ ಅಜ್ಜಿ ‘ಬಣ್ಣ’ ಎನ್ನಲೇ ಇಲ್ಲ, ಅದು ನೀವು ಹೇಳಿದ ಸುಳ್ಳು. ಕೇಳುವವನನ್ನು ದಾರಿ ತಪ್ಪಿಸುವ ಹಕ್ಕು ನಿಮಗಿದೆ, ಸುಳ್ಳು ಹೇಳುವ ಹಕ್ಕಿಲ್ಲ. ಉತ್ತರ ತಿಳಿದ ಮೇಲೆ ಪ್ರಶ್ನೆಯನ್ನು ಮತ್ತೆ ಓದಿದರೆ ಪ್ರತಿ ಮಾತೂ ನಿಜವಾಗಿಯೇ ಉಳಿದಿರಬೇಕು. ಇನ್ನು, ಸಂಡಿಗೆ ಎಂದ ಮೇಲೆ ಕರಿಯುವುದು ತಾನಾಗಿಯೇ ನೆನಪಾಗುತ್ತದೆ. ಸುಳ್ಳು ಹೇಳಿಯೂ ಗುಟ್ಟು ಬಿಟ್ಟುಕೊಟ್ಟಿದ್ದೀರಿ!

ಅಂಥ ಒಗಟನ್ನು ಉತ್ತರದ ಕಡೆಯಿಂದ ಕಟ್ಟಬೇಕು. ಕರಿ ಎಂದರೆ ಕಪ್ಪು, ಕರಿ ಎಂದರೆ ಎಣ್ಣೆಯಲ್ಲಿ ಬೇಯಿಸು. ಮೊದಲ ಅರ್ಥವನ್ನು ಮುಂದೆ ಮಾಡಿ, ಎರಡನೆಯದನ್ನು ನೆನಪಿಸುವ ಒಲೆ, ಬಾಣಲೆ, ಸಂಡಿಗೆ ಯಾವುದನ್ನೂ ಪ್ರಶ್ನೆಯೊಳಗೆ ಬಿಡಬೇಡಿ. ಹೀಗೆ ಆಗಬಹುದು: “ಅಜ್ಜಿ ಡಬ್ಬಿಯ ಮುಚ್ಚಳ ತೆಗೆದರು. ಒಳಗಿದ್ದುದೆಲ್ಲ ಬಿಳಿ. ಆದರೂ ಸೊಸೆಗೆ ತೋರಿಸಿ ‘ಕರಿ’ ಎಂದರು. ಅಜ್ಜಿಯ ಕಣ್ಣು ಚೆನ್ನಾಗಿಯೇ ಇದೆ. ಡಬ್ಬಿಯಲ್ಲಿ ಏನಿತ್ತು?” ಉತ್ತರ, ಸಂಡಿಗೆ. ಕಣ್ಣಿನ ಮಾತು ಸುಮ್ಮನೆ ಬಂದಿಲ್ಲ, “ಅಜ್ಜಿಗೆ ಕಾಣಿಸಲಿಲ್ಲ” ಎಂಬ ಉತ್ತರಕ್ಕೆ ಅದು ಅಡ್ಡ ನಿಲ್ಲುತ್ತದೆ. ಕೊನೆಯ ಪ್ರಶ್ನೆಯನ್ನು ‘ಯಾಕೆ’ಯಿಂದ ‘ಏನಿತ್ತು’ಗೆ ಬದಲಿಸಿದ್ದಕ್ಕೂ ಕಾರಣವಿದೆ. ಆಡುಮಾತಿನಲ್ಲಿ ಕೂಗು ಎನ್ನುವುದಕ್ಕೂ ‘ಕರಿ’ ಎನ್ನುತ್ತೇವೆ. ‘ಯಾಕೆ’ ಎಂದಿದ್ದರೆ “ಯಾರನ್ನೋ ಕರಿ ಅಂದರು” ಎಂಬ ಉತ್ತರವನ್ನೂ ಒಪ್ಪಬೇಕಾಗುತ್ತಿತ್ತು. ಇಷ್ಟಾದ ಮೇಲೂ ಯಾರಾದರೂ “ಹಪ್ಪಳ” ಎಂದರೆ ಧಾರಾಳವಾಗಿ ಅಂಕ ಕೊಡಿ, ಗಂಟು ಬಿಚ್ಚಿದ್ದಾರೆ.

ಇಂಥ ಪದಗಳಿಗೆ ಕನ್ನಡದಲ್ಲಿ ಬರವಿಲ್ಲ. ನಮ್ಮಲ್ಲಿ ಕ್ರಿಯಾಪದದ ಮೂಲರೂಪವೇ ಆಜ್ಞೆಯೂ ಆಗುತ್ತದೆ, ಅದಕ್ಕೆ ಸರಿಯಾಗಿ ಅದೇ ಸದ್ದಿನ ನಾಮಪದಗಳು ರಾಶಿ ಇವೆ: ನಡು, ತೊಡೆ, ಮುಡಿ, ಕುಡಿ, ಏಳು, ಹತ್ತು. ನಿಮ್ಮ “ದೀಪಕ್ಕೆ ಯಾವ ಅಂಕಿ ಕಂಡರೆ ಭಯ? ಆರು” ಗೆದ್ದಿರುವುದು ಹೀಗೆಯೇ. ಆದರೆ ವಿಭಕ್ತಿ ಹತ್ತಿದರೆ ಶ್ಲೇಷೆ ಒಡೆಯುತ್ತದೆ. ‘ಆರರಿಂದ’ ಎಂದ ಕೂಡಲೇ ಅದು ಬರೀ ಅಂಕಿ. ಹಾಗಾಗಿ ಪದ ಬರಿಮೈಯಲ್ಲಿ ನಿಲ್ಲುವಂತೆ ವಾಕ್ಯ ಕಟ್ಟಿ.

“ಸಸ್ಯಾಹಾರಿಗಳೂ ದಿನಾ ತಿನ್ನುವ ಹಕ್ಕಿ ಯಾವುದು? ಅಕ್ಕಿ.” ಇದು ಹಕಾರ ನುಂಗುವವರ ಬಾಯಲ್ಲಿ ಪಾಸಾಗುತ್ತದೆ, ಅಚ್ಚಿನಲ್ಲಿ ಆಗುವುದಿಲ್ಲ. ಖಾರ–ಕಾರದಷ್ಟು ವ್ಯತ್ಯಾಸವನ್ನು ಓದುಗರು ಮನ್ನಿಸುತ್ತಾರೆ, ಏಕೆಂದರೆ ಮಹಾಪ್ರಾಣ ಎಷ್ಟೋ ಬಾಯಲ್ಲಿ ಬರುವುದೇ ಇಲ್ಲ. ಹ್ರಸ್ವ–ದೀರ್ಘ ಬದಲಾದರೆ, ಒತ್ತಕ್ಷರ ಹೆಚ್ಚುಕಡಿಮೆಯಾದರೆ ಮಾತ್ರ ಮನ್ನಿಸುವುದಿಲ್ಲ. ಅಳು ಬೇರೆ, ಆಳು ಬೇರೆ.

ವಯಸ್ಸನ್ನೂ ಗಮನಿಸಿ. “ಜಿಪುಣನ ಹತ್ತಿರ ಏನು ಕೇಳಿದರೂ ಸಿಗುವ ವಸ್ತು ಯಾವುದು? ಕೊಡೆ.” ಇಡೀ ಕಂತೆಯಲ್ಲಿ ನನಗೆ ಅತಿ ಹಿಡಿಸಿದ್ದು ಇದೇ. ಆದರೆ ‘ಕೊಡಲ್ಲ’ ಎಂದೇ ಕೇಳಿ ಬೆಳೆದ ಎಂಟು ವರ್ಷದ ಮಗುವಿಗೆ ‘ನಾ ಕೊಡೆ’ ಗೊತ್ತಿರುವುದಿಲ್ಲ, ಗೊತ್ತಿಲ್ಲದ ಅರ್ಥದ ಮೇಲೆ ಒಗಟು ನಿಲ್ಲಿಸುವುದು ಮೋಸ. ಇದನ್ನು ದೊಡ್ಡವರ ಪುಟಕ್ಕೆ ಕಳಿಸುತ್ತೇನೆ. (ನ್ಯಾಯದ ಈ ಗಲಾಟೆ ಇಂದಿನದಲ್ಲ. ಆಟದ ಗೋಷ್ಠಿಗಳ ವಿನೋದಕ್ಕೆ ಪ್ರಹೇಲಿಕೆ, ಅಂದರೆ ಒಗಟು, ಬೇಕು ಎಂದ ಸಂಸ್ಕೃತ ಲಾಕ್ಷಣಿಕ ದಂಡಿಯೇ ತನ್ನ ಕಾವ್ಯಾದರ್ಶದಲ್ಲಿ 16 ಬಗೆಗಳನ್ನು ಹೇಳಿ, ದೋಷವುಳ್ಳವು ಬೇರೆ 14 ಇವೆ ಎಂದು ಅವನ್ನು ಪಕ್ಕಕ್ಕಿಟ್ಟ.)

ಹೇಳುವ ರೀತಿಯದ್ದು ಸಣ್ಣ ವಿಷಯ. ನೀವು ಉತ್ತರವನ್ನು ಪ್ರಶ್ನೆಯ ಕೆಳಗೇ ಬರೆದು, ಆವರಣದಲ್ಲಿ ಅರ್ಥ ಬಿಡಿಸಿ, ಮುಂದೆ ಮೂರು ಆಶ್ಚರ್ಯಸೂಚಕ ಹಾಕಿದ್ದೀರಿ. ಸಿಕ್ಕಿಬೀಳಲು ಒಂದಿಷ್ಟು ಹೊತ್ತು ಕೊಡದಿದ್ದರೆ ಯಾರೂ ‘ಥೂ’ ಎನ್ನುವುದಿಲ್ಲ. ಪುಟಕ್ಕೆ ಐದಕ್ಕಿಂತ ಹೆಚ್ಚು ಹಾಕಿದರೂ ಕಷ್ಟ: ಆರನೆಯದಕ್ಕೆ ಬರುವಷ್ಟರಲ್ಲಿ ಓದುಗ ಶ್ಲೇಷೆಯನ್ನೇ ಹುಡುಕುತ್ತಿರುತ್ತಾನೆ, ದಾರಿ ತಪ್ಪುವುದಿಲ್ಲ.

ಏಳನೆಯದು, ದೀಪದ್ದು, ತಿದ್ದಿದ ಸಂಡಿಗೆಯದ್ದು ಮಕ್ಕಳ ಪುಟಕ್ಕೆ ಸ್ವೀಕೃತ. ಉಳಿದವುಗಳಲ್ಲಿ ಎರಡನ್ನು ತಿದ್ದಿ ಕಳಿಸಿದರೆ ಪುಟ ತುಂಬುತ್ತದೆ. ಉತ್ತರಗಳನ್ನು ಬೇರೆ ಹಾಳೆಯಲ್ಲಿ ಬರೆದು ಮಡಚಿಡಿ, ಮೊದಲು ನಾವು ಕಚೇರಿಯಲ್ಲಿ ಸೋತು ನೋಡಬೇಕು.